ಕೊಲಂಬಸನ 1493ರ ಪತ್ರ: ತರಗತಿಯ ಚರ್ಚೆಗೆ ಪ್ರಶ್ನೆಗಳು

ಕಳೆದ ವಾರ ಹಂಚಿದ ಅನುವಾದವನ್ನು ಎರಡು ಸಲ ಓದಿಕೊಂಡು ಬನ್ನಿ. ನಾಲ್ಕು ನಾಲ್ಕು ಜನರ ತಂಡಗಳಲ್ಲಿ ಚರ್ಚಿಸೋಣ. ಒಂದು ಕೋರಿಕೆ: "ಕೊಲಂಬಸ್ ಸುಳ್ಳುಗಾರ" ಎಂಬ ತೀರ್ಪಿನಿಂದ ಮಾತು ಆರಂಭವಾಗುವುದು ಬೇಡ. ಆ ತೀರ್ಪು ಕೊಟ್ಟುಬಿಟ್ಟರೆ ಪತ್ರವನ್ನು ಮಡಚಿಡುವುದಷ್ಟೇ ಉಳಿಯುತ್ತದೆ. ಅವನು ಯಾರಿಗಾಗಿ, ಏನನ್ನು ಬಯಸಿ ಬರೆದ ಎಂಬುದು ತಿಳಿದರೆ ಅವನ ಉತ್ಪ್ರೇಕ್ಷೆಯೂ ನಮಗೆ ಸಾಕ್ಷ್ಯವಾಗುತ್ತದೆ. ಪ್ರತಿ ಉತ್ತರಕ್ಕೂ ಪತ್ರದ ಯಾವ ಸಾಲು ಆಧಾರ ಎಂಬುದನ್ನು ತೋರಿಸಿ.

ಹಿನ್ನೆಲೆ: ಪತ್ರದ ಮೇಲಿರುವ ದಿನಾಂಕ 1493ರ ಫೆಬ್ರವರಿ 15. ಮೊದಲ ಯಾನ ಮುಗಿಸಿ ಮರಳುವಾಗ ಹಡಗಿನಲ್ಲಿಯೇ ಬರೆದದ್ದು. ಇದು ಲೂಯಿಸ್ ದೆ ಸಾಂತಾಂಜೆಲ್‌ನನ್ನು ಉದ್ದೇಶಿಸಿದ ಪತ್ರ. ಅವನು ಸ್ಪೇನಿನ ರಾಜಮನೆತನದ ಹಣಕಾಸು ಅಧಿಕಾರಿ, ಯಾನಕ್ಕೆ ಹಣ ಹೊಂದಿಸಿಕೊಟ್ಟವರಲ್ಲಿ ಪ್ರಮುಖ. 1492ರ ಏಪ್ರಿಲ್‌ನ ಒಪ್ಪಂದದಂತೆ ಕೊಲಂಬಸನಿಗೆ ನೌಕಾಧಿಪತಿ ಮತ್ತು ವೈಸ್‌ರಾಯ್ ಪದವಿಗಳೂ ಲಾಭದಲ್ಲಿ ಹತ್ತನೆಯ ಒಂದು ಪಾಲೂ ಸಿಗಬೇಕಿತ್ತು. ಪತ್ರ ಅದೇ ವರ್ಷ ಬಾರ್ಸಿಲೋನಾದಲ್ಲಿ ಅಚ್ಚಾಯಿತು. ರೋಮ್‌ನಲ್ಲಿ ಲ್ಯಾಟಿನ್ ಅನುವಾದವೂ ಬಂತು.

1. ಹಣ ಹೊಂದಿಸಿಕೊಟ್ಟವನಿಗೆ ಬರೆಯುವಾಗ ಯಾವ ವಿಷಯಗಳು ತಾವಾಗಿಯೇ ಮುಂದಕ್ಕೆ ಬರುತ್ತವೆ? ಚಿನ್ನ, ಸಾಂಬಾರ ಪದಾರ್ಥ, ಹತ್ತಿ, ಗುಲಾಮರು ಪತ್ರದಲ್ಲಿ ಎಲ್ಲೆಲ್ಲಿ ಬರುತ್ತಾರೆ, ಯಾವ ಮಾತಿನ ಬೆನ್ನಿಗೆ ಬರುತ್ತಾರೆ ಎಂದು ಗುರುತು ಹಾಕಿ. ಇವುಗಳಲ್ಲಿ ಅವನು ಕಂಡದ್ದು ಯಾವುದು, ಕೊಡುತ್ತೇನೆಂದು ಭರವಸೆ ನೀಡುತ್ತಿರುವುದು ಯಾವುದು? ದೊರೆಗಳು "ಅಲ್ಪ ನೆರವು" ನೀಡಿದರೆ ಸಾಕು ಎಂಬ ಅರ್ಥದ ಮಾತು ಕೊನೆಯ ಭಾಗದಲ್ಲಿದೆ. ಪತ್ರದ ಉದ್ದೇಶ ಆ ಮಾತಿನಲ್ಲಿ ಅಡಗಿದೆ ಎಂದು ವಾದಿಸಬಹುದೇ?

2. ಇದು ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಪ್ರಶ್ನೆ. ಹೆಚ್ಚು ಸಮಯ ಇಲ್ಲಿ ಕೊಡಿ. 1492ರ ಕ್ರಿಸ್‌ಮಸ್ ವೇಳೆಗೆ ಸಾಂತಾ ಮಾರಿಯಾ ಹಡಗು ಹಿಸ್ಪಾನಿಯೋಲಾ ದ್ವೀಪದ ಬಳಿ ನೆಲ ಕಚ್ಚಿ ನಾಶವಾಯಿತು. ಎಲ್ಲರಿಗೂ ಮರಳಲು ಹಡಗಿಲ್ಲದೆ ಸುಮಾರು 40 ಜನ ಅಲ್ಲಿಯೇ ಉಳಿಯಬೇಕಾಯಿತು. ಪತ್ರದಲ್ಲಿ ಅಪಘಾತದ ಸುದ್ದಿಯೇ ಇಲ್ಲ. ನವಿದಾದ್ ಎಂಬ ನೆಲೆಯನ್ನು ಸ್ಥಾಪಿಸಿ, ಸಾಕಷ್ಟು ಜನರನ್ನೂ ಒಂದು ವರ್ಷಕ್ಕೂ ಮೀರಿ ಸಾಲುವ ಆಹಾರವನ್ನೂ ಇಟ್ಟು ಬಂದಿದ್ದೇನೆ ಎಂದಷ್ಟೇ ಇದೆ. ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ಹಾಗಾದರೆ ಓದುಗನನ್ನು ದಾರಿ ತಪ್ಪಿಸುತ್ತಿರುವುದು ಏನು? ಅಪಘಾತದ ಸಂಗತಿ ಅವನ ದಿನಚರಿಯಿಂದ ತಿಳಿಯುತ್ತದೆ, ಆದರೆ ಮೂಲ ದಿನಚರಿ ಕಳೆದುಹೋಗಿದೆ. ನಮ್ಮ ಕೈಯಲ್ಲಿರುವುದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮಾಡಿಕೊಂಡ ಸಂಗ್ರಹ. ಸ್ಥಳೀಯರ ಮೇಲಿನ ದೌರ್ಜನ್ಯವನ್ನು ಮುಂದೆ ಕಟುವಾಗಿ ಖಂಡಿಸಿದ ಪಾದ್ರಿ ಅವನು. ಅವನ ಒಲವನ್ನೂ ಇದೇ ತಕ್ಕಡಿಯಲ್ಲಿ ತೂಗಿ.

3. ದ್ವೀಪವಾಸಿಗಳು ಅಂಜುಬುರುಕರು, ಆಯುಧವಿಲ್ಲದವರು, ಕೇಳಿದ್ದನ್ನೆಲ್ಲ ಕೊಟ್ಟುಬಿಡುವ ಉದಾರಿಗಳು ಎನ್ನುತ್ತಾನೆ. ಹೊಗಳಿಕೆಯಂತೆ ಕಾಣುವ ಈ ವರ್ಣನೆಯನ್ನು ವಶಪಡಿಸಿಕೊಳ್ಳಲು ಹೊರಟವನ ಕಿವಿಯಿಂದ ಕೇಳಿ ನೋಡಿ. ಮೊದಲ ದ್ವೀಪದಲ್ಲಿ ಕೆಲವರನ್ನು ಬಲವಂತವಾಗಿ ಹಿಡಿದೆ ಎಂದೂ ಅವನೇ ಬರೆದಿದ್ದಾನೆ. ಇದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ಏಕೆ? ಲೇಖಕನೊಬ್ಬನ ಪೂರ್ವಗ್ರಹವನ್ನು ಅವನ ಕಾಲದ ಓದುಗರ ಪೂರ್ವಗ್ರಹದಿಂದ ಬೇರ್ಪಡಿಸುವುದು ಹೇಗೆ?

4. ಅನೇಕರು ನಿರೀಕ್ಷಿಸಿದಂತಹ ವಿಕಾರ ಮನುಷ್ಯರು ತನಗೆ ಸಿಗಲಿಲ್ಲ ಎನ್ನುವವನೇ, ಬಾಲವಿರುವ ಜನ ಹುಟ್ಟುವ ಪ್ರಾಂತ್ಯವೊಂದಿದೆ, ನರಮಾಂಸ ತಿನ್ನುವವರ ದ್ವೀಪವಿದೆ ಎಂದೂ ಬರೆಯುತ್ತಾನೆ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಎಂಬ ಎರಡು ಪಟ್ಟಿ ಮಾಡಿ. ಪರಸ್ಪರ ಭಾಷೆ ತಿಳಿಯದ ಕೆಲವೇ ತಿಂಗಳ ಒಡನಾಟದಲ್ಲಿ ಎರಡನೆಯ ಪಟ್ಟಿ ಹೇಗೆ ತಯಾರಾಗಿರಬಹುದು?

5. ಕ್ಯೂಬಾ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡೂ ಸೇರಿದ್ದಕ್ಕಿಂತ ದೊಡ್ಡದು ಎಂಬ ಹೇಳಿಕೆ ತಪ್ಪು. ವಾಸ್ತವದಲ್ಲಿ ಅದು ಸುಮಾರು ಅರ್ಧದಷ್ಟಿದೆ. ಇದು ಅಳತೆಯ ದೋಷವೋ ಉತ್ಪ್ರೇಕ್ಷೆಯೋ? ನಿರ್ಧರಿಸಲು ನಿಮಗೆ ಇನ್ನೇನು ಬೇಕು?

6. ಈ ದ್ವೀಪಗಳ ಮೂಲನಿವಾಸಿಗಳಾದ ತಾಯಿನೊ ಜನ ಈ ಭೇಟಿಯ ಬಗ್ಗೆ ಬರೆದಿಟ್ಟದ್ದು ಏನೂ ಉಳಿದಿಲ್ಲ. ಸ್ಪೇನಿನವರು ಹತ್ತಿರ ಬರುತ್ತಿದ್ದಂತೆ ಊರಿನವರು ಓಡಿಹೋಗುತ್ತಿದ್ದರು ಎಂದು ಪತ್ರ ಹೇಳುತ್ತದೆ. ಕೊಲಂಬಸ್ ಇದಕ್ಕೆ ಕೊಡುವ ಕಾರಣ ಪುಕ್ಕಲುತನ. ಅದೇ ಸಾಲನ್ನು ಆಧಾರವಾಗಿಟ್ಟುಕೊಂಡು ಬೇರೆ ಕಾರಣವನ್ನು ಮುಂದಿಡಿ. ಊಹೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಿ.

7. 1493ರ ನವೆಂಬರ್‌ನಲ್ಲಿ ಕೊಲಂಬಸ್ ಮರಳಿ ಬಂದಾಗ ನವಿದಾದ್ ಸುಟ್ಟುಹೋಗಿತ್ತು. ಅಲ್ಲಿ ಉಳಿದವರಲ್ಲಿ ಒಬ್ಬರೂ ಬದುಕಿರಲಿಲ್ಲ. ಇದು ತಿಳಿದ ಮೇಲೆ ಪತ್ರದ ಯಾವ ವಾಕ್ಯವನ್ನು ನೀವು ಬೇರೆ ರೀತಿಯಲ್ಲಿ ಓದುತ್ತೀರಿ? ಬರೆಯುವ ಹೊತ್ತಿಗೆ ಅವನಿಗೆ ತಿಳಿಯದಿದ್ದುದನ್ನು ಅವನ ಮೇಲೆ ಹೊರಿಸದಂತೆ ಎಚ್ಚರ ವಹಿಸಿ.

ಚರ್ಚೆಯ ನಂತರ ಪ್ರತಿಯೊಬ್ಬರೂ ಒಂದು ಪುಟ ಬರೆದು ಕೊಡಬೇಕು: ಈ ಪತ್ರವನ್ನು ನಂಬಿ ಯಾವ ಒಂದು ಸಂಗತಿಯನ್ನು ನಿಶ್ಚಯವಾಗಿ ಹೇಳಬಲ್ಲಿರಿ, ಯಾವ ಒಂದು ಸಂಗತಿಗೆ ಇದನ್ನು ಆಧಾರವಾಗಿ ಬಳಸಲು ಒಪ್ಪುವುದಿಲ್ಲ, ಏಕೆ?