4 ಲಕ್ಷ ಹಾಕುವ ಮುಂಚೆ: ನಮ್ಮಿಬ್ಬರ ಪೇಪರ್ ಟ್ರೇಡಿಂಗ್ ನಿಯಮ

ಸೋಮವಾರದಿಂದ 60 ಟ್ರೇಡ್ ಆಗುವವರೆಗೆ ದೊಡ್ಡ ದುಡ್ಡು ಹಾಕುವುದಿಲ್ಲ. ದಿನಕ್ಕೆ ಎರಡು ಸಿಗ್ನಲ್ ಅಂದರೂ ಸುಮಾರು ಆರು ವಾರ ಬೇಕು. ಬೇಗ ಮುಗಿಸಬೇಕು ಅಂತ ಸುಮ್ನೆ ಟ್ರೇಡ್ ಹುಡುಕಬೇಡ.

ಪೇಪರ್‌ನಲ್ಲಿ, ಅಂದರೆ ದುಡ್ಡು ಹಾಕದೆ ಲೆಕ್ಕಕ್ಕೆ ಮಾತ್ರ, ಪ್ರತಿ ಟ್ರೇಡ್ 100 ಶೇರು. ಅದೇ ಸಿಗ್ನಲ್‌ಗೆ, ಅದೇ ಬೆಲೆಗೆ, ಅದೇ ಕ್ಷಣ ಎನ್‌ಎಸ್‌ಇಯಲ್ಲಿ 1 ಶೇರಿನ ನಿಜವಾದ ಆರ್ಡರ್. ಎರಡರ ಸಮಯವನ್ನೂ ಸೆಕೆಂಡ್ ಸಮೇತ ಶೀಟಿನಲ್ಲಿ ಬರೆಯಬೇಕು. ನಿಜವಾದ ಬೆಲೆಯನ್ನು ಕಾಂಟ್ರ್ಯಾಕ್ಟ್ ನೋಟ್ ನೋಡಿಯೇ ಬರೆಯೋಣ, ನೆನಪಿನಿಂದ ಬೇಡ.

ಇಷ್ಟೆಲ್ಲಾ ಯಾಕೆ ಅಂದರೆ, ಮೊನ್ನೆ 1,512.40ಕ್ಕೆ ಲಿಮಿಟ್ ಹಾಕಿದ್ದು ನೆನಪಿದೆ ಅಲ್ವಾ? ಬೆಲೆ ಎರಡು ಸಲ ಅಲ್ಲಿ ಮುಟ್ಟಿತು, ಪೇಪರ್ ಖರೀದಿ ಆಯ್ತು ಅಂದಿತು, ನನ್ನ ನಿಜವಾದ ಆರ್ಡರ್ ಮಾತ್ರ ಓಪನ್ ಆಗಿಯೇ ಉಳಿಯಿತು, ಅಷ್ಟರಲ್ಲಿ ಬೆಲೆ 1,519ಕ್ಕೆ ಹೋಗಿಬಿಟ್ಟಿತು. ಒಂದೇ ಬೆಲೆಗೆ ಮೊದಲು ಆರ್ಡರ್ ಹಾಕಿದವರಿಗೆ ಮೊದಲು ಸಿಗುತ್ತದೆ, ನಾವು ಸಾಲಿನ ಹಿಂದೆ ಇದ್ದೆವು. ನನಗೆ ಭಯ ಇರುವುದು ಇದೇ: ಸಿಗದೆ ಹೋಗುವವು ಒಳ್ಳೆಯ ಟ್ರೇಡ್‌ಗಳು, ಬಿದ್ದು ಹೋಗುವವು ಮಾತ್ರ ತಪ್ಪದೆ ಸಿಗುತ್ತವೆ. ಹಾಗಾಗಿ ಇನ್ನು ಮೇಲೆ ಬೆಲೆ ನಮ್ಮ ಲಿಮಿಟ್‌ಗಿಂತ 10 ಪೈಸೆ ಕೆಳಗೆ ಹೋದರೆ ಮಾತ್ರ ಪೇಪರ್‌ನಲ್ಲಿ ಖರೀದಿ ಅಂತ ಲೆಕ್ಕ.

ಪಾಸ್ ಆಗಲು ಮೂರೂ ದಾಟಬೇಕು. ಪೇಪರ್ ಸಿಕ್ಕಿತು ಅಂದ ಎಂಟ್ರಿಗಳಲ್ಲಿ 100ಕ್ಕೆ 85 ನಿಜವಾಗಿಯೂ ಸಿಕ್ಕಿರಬೇಕು. ಸ್ಟಾಪ್‌ಲಾಸ್‌ನಲ್ಲಿ ಹೊರಬಂದಾಗ ಪೇಪರ್ ಬೆಲೆಗೂ ನಿಜದ ಬೆಲೆಗೂ ಸರಾಸರಿ ವ್ಯತ್ಯಾಸ 40 ಪೈಸೆ ಮೀರಬಾರದು, 1 ರೂಪಾಯಿ ಮೀರಿದವು ಮೂರಕ್ಕಿಂತ ಜಾಸ್ತಿ ಇರಬಾರದು. ಮೂರನೆಯದು ದುಡ್ಡಿನ ಲೆಕ್ಕ. ಬ್ಯಾಕ್‌ಟೆಸ್ಟ್ ಪ್ರಕಾರ ಶೇರಿಗೆ 2.40 ರೂಪಾಯಿ ಲಾಭ. 1,500ರ ಶೇರು 100 ತೆಗೆದು ಅದೇ ದಿನ ಮಾರಿದರೆ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಎಲ್ಲಾ ಸೇರಿ ಸುಮಾರು 100 ರೂಪಾಯಿ, ಅಂದರೆ ಶೇರಿಗೆ 1 ರೂಪಾಯಿ ಹೋಗುತ್ತದೆ. ಉಳಿಯುವುದು 1.40. ನಿಜವಾಗಿ ಸಿಕ್ಕ ಬೆಲೆಗಳನ್ನೇ ಇಟ್ಟು, ಸಿಗದ ಟ್ರೇಡ್‌ಗಳನ್ನು ಬಿಟ್ಟು, 100 ಶೇರಿನ ಖರ್ಚು ಕಳೆದ ಮೇಲೂ ಸರಾಸರಿ 1 ರೂಪಾಯಿ ಉಳಿಯಬೇಕು. 95 ಪೈಸೆ ಬಂದರೂ ಫೇಲ್.

1 ಶೇರು ಸುಲಭವಾಗಿ ಸಿಗುತ್ತದೆ, 100 ಹಾಗಲ್ಲ. ಅದಕ್ಕೆ ಕೊನೆಯ 15 ಟ್ರೇಡ್‌ಗಳಲ್ಲಿ ನಿಜದ ಆರ್ಡರ್ 20 ಶೇರು. ಅರ್ಧಂಬರ್ಧ ಸಿಕ್ಕರೆ ಸಿಕ್ಕಷ್ಟನ್ನೇ ಬರೆ. ಬೆಳಿಗ್ಗೆ 9:15ರಿಂದ 9:45ರ ಟ್ರೇಡ್‌ಗಳಿಗೆ ಬೇರೆ ಕಾಲಂ ಇಟ್ಟಿದ್ದೇನೆ. ವ್ಯತ್ಯಾಸ ಅಲ್ಲೇ ಜಾಸ್ತಿ ಬರುತ್ತದೆ ಅಂತ ನನ್ನ ಅಂದಾಜು.

ಮಧ್ಯದಲ್ಲಿ ಸ್ಟಾಪ್‌ಲಾಸ್ ಆಗಲಿ, ಎಂಟ್ರಿ ನಿಯಮ ಆಗಲಿ ಬದಲಾಯಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಫೇಲ್ ಆದರೂ ಅಷ್ಟೇ, ಕಾರಣ ಹುಡುಕಿ ಸರಿಮಾಡಿ ಇನ್ನೊಮ್ಮೆ 60. ಅಲ್ಲಿಯವರೆಗೆ 4 ಲಕ್ಷ ಬ್ಯಾಂಕಿನಲ್ಲೇ ಇರಲಿ, ಟ್ರೇಡಿಂಗ್ ಖಾತೆಯಲ್ಲಿ 10,000 ಮಾತ್ರ. ಶೀಟು ಭಾನುವಾರ ರಾತ್ರಿ ಕಳಿಸುತ್ತೇನೆ, ಕಾಲಂಗಳನ್ನು ಒಮ್ಮೆ ನೋಡಿ ಹೇಳು.