ಕುಟುಂಬ, ಬಡತನ, ನಂಬಿಕೆ ಮತ್ತು ಆರೋಗ್ಯ ವರ್ತನೆ: ಸಮಾಜಶಾಸ್ತ್ರದ ಪ್ರಬಂಧ ಉತ್ತರಕ್ಕೆ ಟಿಪ್ಪಣಿ

ಪ್ರಶ್ನೆ: ಕುಟುಂಬದ ರಚನೆ, ಬಡತನ ಮತ್ತು ನಂಬಿಕೆಗಳು ಜನರ ಆರೋಗ್ಯ ವರ್ತನೆಯನ್ನು ಹೇಗೆ ರೂಪಿಸುತ್ತವೆ? ಉದಾಹರಣೆಗಳೊಂದಿಗೆ ಚರ್ಚಿಸಿ. (15 ಅಂಕ)

ಈ ಪ್ರಶ್ನೆಗೆ ಹೆಚ್ಚಿನವರು ಮೂರು ಉಪಶೀರ್ಷಿಕೆ ಹಾಕಿ, ಒಂದೊಂದರ ಕೆಳಗೆ ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ತಪ್ಪೇನಿಲ್ಲ, ಆದರೆ ಸರಾಸರಿ ಅಂಕ ದಾಟುವುದು ಕಷ್ಟ. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾದಾಗ ಈ ಮೂರೂ ಒಟ್ಟಿಗೇ ಬರುತ್ತವೆ. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವವರು ಯಾರು, ದುಡ್ಡು ಕೊಡುವವರು ಯಾರು, ಇದು ಎಂಥ ಕಾಯಿಲೆ ಎಂದು ಮನೆಯವರು ಅಂದುಕೊಂಡಿದ್ದಾರೆ? ಪ್ರತಿ ಉದಾಹರಣೆಗೂ ಈ ಮೂರು ಪ್ರಶ್ನೆ ಹಾಕಿದರೆ ಉತ್ತರಕ್ಕೆ ಒಂದು ವಾದ ಸಿಗುತ್ತದೆ. ವಾದ ಇಷ್ಟೇ: ತಿಳಿವಳಿಕೆ ಇಲ್ಲದ್ದರಿಂದ ಜನ ಆರೋಗ್ಯ ಕೆಡಿಸಿಕೊಳ್ಳುತ್ತಾರೆ ಎಂಬುದು ಅರ್ಧ ಸತ್ಯ, ತಿಳಿದಿದ್ದರೂ ಮಾಡಲಾಗದ ಸ್ಥಿತಿಯನ್ನು ಸಮಾಜವೇ ಕಟ್ಟಿರುತ್ತದೆ.

ಮೊದಲು ಪರಿಕಲ್ಪನೆ. ಕಾಸಲ್ ಮತ್ತು ಕಾಬ್ 1966ರಲ್ಲಿ ಮೂರು ಬಗೆಯ ವರ್ತನೆಗಳನ್ನು ಬೇರ್ಪಡಿಸಿದರು. ಚೆನ್ನಾಗಿರುವಾಗಲೇ ಕಾಯಿಲೆ ಬರದಂತೆ ಮಾಡುವುದು ಆರೋಗ್ಯ ವರ್ತನೆ: ಲಸಿಕೆ ಹಾಕಿಸುವುದು, ಬಿಪಿ ನೋಡಿಸಿಕೊಳ್ಳುವುದು. ಮೈಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಅದೇನೆಂದು ತಿಳಿಯಲು ಮಾಡುವುದು ಅಸ್ವಸ್ಥತೆಯ ವರ್ತನೆ: ಕಷಾಯ, ಪಕ್ಕದ ಮನೆಯವರ ಸಲಹೆ, ಮೆಡಿಕಲ್ ಅಂಗಡಿಯ ಗುಳಿಗೆ. ರೋಗ ಇದೆಯೆಂದು ಒಪ್ಪಿಕೊಂಡ ಮೇಲೆ ಗುಣವಾಗಲು ಮಾಡುವುದು ರೋಗಿಯ ಪಾತ್ರದ ವರ್ತನೆ. ಪ್ರಶ್ನೆಯಲ್ಲಿ ‘ಆರೋಗ್ಯ ವರ್ತನೆ’ ಎಂದಷ್ಟೇ ಇದ್ದರೂ ಮೂರನ್ನೂ ಸೇರಿಸಿ ಬರೆಯುವುದು ವಾಡಿಕೆ. ಯಾವ ಉದಾಹರಣೆ ಯಾವ ಹಂತದ್ದು ಎಂದು ಒಂದು ಮಾತು ಸೇರಿಸಿ.

ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ವಿವರಿಸಿದ ‘ರೋಗಿಯ ಪಾತ್ರ’ದಲ್ಲಿ ಎರಡು ವಿನಾಯಿತಿ, ಎರಡು ಕರ್ತವ್ಯಗಳಿವೆ. ರೋಗಿಗೆ ದಿನನಿತ್ಯದ ಕೆಲಸದಿಂದ ಬಿಡುವು ಸಿಗುತ್ತದೆ, ಕಾಯಿಲೆಗೆ ಅವನನ್ನೇ ಹೊಣೆ ಮಾಡುವುದಿಲ್ಲ. ಪ್ರತಿಯಾಗಿ ಅವನು ಗುಣವಾಗಲು ಬಯಸಬೇಕು, ತಜ್ಞರ ನೆರವು ಪಡೆಯಬೇಕು. ಈ ಸಿದ್ಧಾಂತವನ್ನು ಬರೆದಿಟ್ಟು ಮುಂದೆ ಹೋಗಬೇಡಿ, ನಮ್ಮ ಮನೆಗಳಿಗೆ ಹಚ್ಚಿ ನೋಡಿ. ಜ್ವರ ಬಂದ ಸೊಸೆಗೆ ಒಲೆಯ ಮುಂದಿನಿಂದ ಬಿಡುವು ಸಿಗುತ್ತದೆಯೇ? ದಿನಗೂಲಿಯವನು ಮಲಗಿದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ರೋಗಿಯಾಗುವುದಕ್ಕೂ ಒಂದು ಸಾಮಾಜಿಕ ಅರ್ಹತೆ ಬೇಕು ಎಂಬ ವಿಮರ್ಶೆ ಇಲ್ಲಿಂದ ಹುಟ್ಟುತ್ತದೆ. ಮುಂದಿನ ಮೂರೂ ಭಾಗಗಳಿಗೆ ಇದೇ ಕೊಂಡಿ.

ಕುಟುಂಬ: ತೀರ್ಮಾನ ಯಾರದ್ದು?

ಇಲ್ಲಿ ಕರ್ನಾಟಕದ್ದೇ ಅಧ್ಯಯನವಿದೆ, ಬಳಸದೆ ಬಿಡಬೇಡಿ. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ 1980ರ ದಶಕದ ಆರಂಭದಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ಕೆಲಸ ಮಾಡಿ, ಮಗುವಿನ ಸಾವು ಬದುಕಿನ ಹಿಂದೆ ಆದಾಯದಷ್ಟೇ ಮನೆಯೊಳಗಿನ ಅಧಿಕಾರವೂ ಇದೆ ಎಂದು ತೋರಿಸಿದರು. ಅವಿಭಕ್ತ ಕುಟುಂಬದಲ್ಲಿ ಮಗುವಿನ ಚಿಕಿತ್ಸೆಯ ಮಾತು ಅತ್ತೆ, ಗಂಡ, ಹಿರಿಯರದ್ದು. ಮಗುವಿನ ಬಳಿ ಹಗಲಿರುಳು ಇರುವ ತಾಯಿ ಲಕ್ಷಣವನ್ನು ಮೊದಲು ಕಂಡರೂ ಮೊದಲು ಬಾಯಿ ಬಿಡುವವಳು ಅವಳಲ್ಲ. ಓದಿದ ತಾಯಿ ಈ ಸರತಿಯನ್ನು ಮುರಿಯುತ್ತಾಳೆ. ಶಾಲೆ ಅವಳಿಗೆ ವೈದ್ಯಕೀಯ ಕಲಿಸಿದ್ದರಿಂದಲ್ಲ. ಮನೆಯಲ್ಲಿ ಅವಳ ಮಾತಿಗೆ ತೂಕ ಬಂದದ್ದರಿಂದ.

ಟಿಮ್ ಡೈಸನ್ ಮತ್ತು ಮಿಕ್ ಮೂರ್ 1983ರಲ್ಲಿ ಇದನ್ನು ಬಂಧುತ್ವದ ಮಟ್ಟಕ್ಕೆ ಒಯ್ದರು. ಉತ್ತರ ಭಾರತದಲ್ಲಿ ಹೆಣ್ಣನ್ನು ದೂರದ, ಅಪರಿಚಿತ ಊರಿಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸೋದರಮಾವ, ಸೋದರತ್ತೆಯ ಮಗನಂಥ ಒಳಸಂಬಂಧ ಸಾಮಾನ್ಯ, ತವರು ಹತ್ತಿರ. ಹೀಗಾಗಿ ದಕ್ಷಿಣದ ಹೆಣ್ಣಿಗೆ ಸ್ವಾಯತ್ತತೆ ಹೆಚ್ಚು, ಶಿಶು ಮರಣ ಕಡಿಮೆ ಎಂಬುದು ಅವರ ವಾದ. ಇದರ ಇನ್ನೊಂದು ಮುಖವನ್ನೂ ಬರೆಯಿರಿ: ಅದೇ ರಕ್ತಸಂಬಂಧದ ಮದುವೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚಿಸುತ್ತದೆ. ಒಂದೇ ರಚನೆ ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ಕಾಡುತ್ತದೆ.

ಏಕ ಕುಟುಂಬ ಎಂದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಅವಸರದಲ್ಲಿ ಬರೆಯುವುದು ಸಾಮಾನ್ಯ ತಪ್ಪು. ತೀರ್ಮಾನ ಬೇಗ ಆಗುತ್ತದೆ, ನಿಜ. ಆದರೆ ತಾಯಿ ಮೂರು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ಉಳಿದ ಮಕ್ಕಳನ್ನು, ದನಕರುಗಳನ್ನು ನೋಡಲು ಯಾರೂ ಇರುವುದಿಲ್ಲ. ವೈದ್ಯರು ಬೇಡವೆಂದರೂ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುವುದು ಹೀಗೆ.

ಮನೆಯ ಲಿಂಗ ಸಂಬಂಧಕ್ಕೆ ಒಂದೇ ಅಂಕಿ ಸಾಕು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಟುಂಬ ಯೋಜನೆಗೆ ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆ ಅವಲಂಬಿಸಿದವರು ಶೇ 37.9, ಗಂಡಿನದ್ದು ಶೇ 0.3. ಗಂಡಸಿನ ಶಸ್ತ್ರಚಿಕಿತ್ಸೆ ಸುಲಭ, ಅಪಾಯವೂ ಕಡಿಮೆ. ಹಾಗಿದ್ದರೂ ಅಂಕಿ ತಿರುಗುಮುರುಗಾಗಿರುವುದಕ್ಕೆ ವೈದ್ಯಕೀಯ ಕಾರಣವಿಲ್ಲ.

ಯೋಜನೆ ಮತ್ತು ಮನೆ ಮುಖಾಮುಖಿಯಾದದ್ದಕ್ಕೆ ಮಾತೃಪೂರ್ಣ ಒಳ್ಳೆಯ ಉದಾಹರಣೆ. ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಕೊಡುವ ಯೋಜನೆ 2017ರ ಅಕ್ಟೋಬರ್‌ನಲ್ಲಿ ಕರ್ನಾಟಕದಾದ್ಯಂತ ಜಾರಿಯಾಯಿತು. ಅಲ್ಲೇ ಕೂತು ಉಣ್ಣಬೇಕೆಂಬ ನಿಯಮದ ಹಿಂದೆ ಸಮಾಜಶಾಸ್ತ್ರವೇ ಇತ್ತು: ಮನೆಗೆ ಕೊಟ್ಟ ರೇಷನ್ ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ, ಸೊಸೆಯ ಪಾಲು ಕೊನೆಯದು. ಆದರೆ ಬಾಣಂತಿ ಹೊರಗೆ ಕಾಲಿಡಬಾರದೆಂಬ ಕಟ್ಟುಪಾಡು, ಮಲೆನಾಡಿನ ಚದುರಿದ ಒಂಟಿ ಮನೆಗಳು, ಕೂಲಿಯ ಹೊತ್ತು ಇವೆಲ್ಲ ಆ ನಿಯಮಕ್ಕೆ ಅಡ್ಡ ಬಂದವು.

ಬಡತನ: ಲೆಕ್ಕದ ಒಳಗಿನ ವರ್ತನೆ

ಬಡವರು ಆಸ್ಪತ್ರೆಗೆ ತಡವಾಗಿ ಬರುವುದನ್ನು ಉದಾಸೀನ ಎನ್ನುವ ಮೊದಲು ಲೆಕ್ಕ ಹಾಕಿ. ದಿನಕ್ಕೆ 400 ರೂಪಾಯಿ ಕೂಲಿಯ ಹೆಂಗಸು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾಳೆ ಎನ್ನೋಣ. ಚೀಟಿ, ಗುಳಿಗೆ ಉಚಿತ. ಆದರೆ ಅವಳ ಕೂಲಿ 400, ಜೊತೆಗೆ ಬಂದವರ ಕೂಲಿ 400, ಇಬ್ಬರ ದಾರಿಖರ್ಚು ಮತ್ತು ಊಟ 200. ರಕ್ತ ಪರೀಕ್ಷೆಯ ವರದಿಗೆ ನಾಳೆ ಬನ್ನಿ ಎಂದರೆ ಅದು ಎರಡರಷ್ಟು. ಉಚಿತ ಚಿಕಿತ್ಸೆಗೆ 2,000 ರೂಪಾಯಿ! ವೈದ್ಯಕೀಯ ಪದವಿಯಿಲ್ಲದೆ ಔಷಧ ಕೊಡುವ ಊರಿನ ಆರ್‌ಎಂಪಿ ಬಳಿ 100 ರೂಪಾಯಿಗೆ ಸೂಜಿ ಹಾಕಿಸಿಕೊಂಡು ಮಧ್ಯಾಹ್ನವೇ ಗದ್ದೆಗೆ ಇಳಿಯುವುದು ಅವಳ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಇಂಥ ಲೆಕ್ಕವೊಂದನ್ನು ಉತ್ತರದಲ್ಲಿ ಎರಡು ಸಾಲಿಗೆ ಇಳಿಸಿ ಬರೆದರೆ ‘ಬಡತನದಿಂದ ಆರೋಗ್ಯ ಹಾಳಾಗುತ್ತದೆ’ ಎಂಬ ಹತ್ತು ಸಾಲಿಗಿಂತ ಮೇಲು.

ಕ್ಷಯ ಇದಕ್ಕೆ ತಕ್ಕ ಉದಾಹರಣೆ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಒಂದೆರಡು ತಿಂಗಳಲ್ಲೇ ಕೆಮ್ಮು, ಜ್ವರ ಇಳಿಯುತ್ತವೆ. ಆಗ ಗುಳಿಗೆಗಿಂತ ಕೂಲಿ ಮುಖ್ಯವಾಗುತ್ತದೆ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಗುಳಿಗೆ ತಪ್ಪುತ್ತದೆ. ಅರ್ಧಕ್ಕೆ ಬಿಟ್ಟರೆ ರೋಗ ಮರಳುತ್ತದೆ, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಕ್ಷಯ ರೋಗಿಗಳ ಪೌಷ್ಟಿಕತೆಗೆ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಕೊಡುತ್ತಿರುವುದು ರೋಗ ಮತ್ತು ಹಸಿವಿನ ನಂಟನ್ನು ಸರ್ಕಾರವೇ ಒಪ್ಪಿದಂತೆ. ಆಯುಷ್ಮಾನ್ ಭಾರತ್ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಕೊಟ್ಟರೂ ಅದು ಮುಖ್ಯವಾಗಿ ಒಳರೋಗಿಗಳಿಗೆ. ಹೊರರೋಗಿಯಾಗಿ ನಿತ್ಯ ನುಂಗುವ ಬಿಪಿ, ಸಕ್ಕರೆ ಗುಳಿಗೆಯ ಖರ್ಚು ಅದರ ಹೊರಗೆ.

ಬಡತನವು ತನ್ನದೇ ಮನೋಭಾವವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ ಎನ್ನುವ ಆಸ್ಕರ್ ಲೂಯಿಸ್ ಅವರ ‘ಬಡತನದ ಸಂಸ್ಕೃತಿ’ಯನ್ನು ಉಲ್ಲೇಖಿಸುವುದಾದರೆ ಅದರ ಮೇಲಿನ ಟೀಕೆಯನ್ನೂ ಸೇರಿಸಿ: ನಾಳೆಯ ಬಗ್ಗೆ ಯೋಚಿಸದ ಮನೋಭಾವ ಎಂದು ಕಾಣುವುದು, ನಾಳೆಗೆ ಏನೂ ಉಳಿಯದ ಪರಿಸ್ಥಿತಿಯ ಫಲವಾಗಿರಬಹುದು. ಹೆರಿಗೆ ಸಾವಿನ ಪ್ರಶ್ನೆಗೆ ಥ್ಯಾಡಿಯಸ್ ಮತ್ತು ಮೇನ್ 1994ರಲ್ಲಿ ಹೇಳಿದ ಮೂರು ವಿಳಂಬಗಳು ಉಪಯುಕ್ತ: ತೀರ್ಮಾನಿಸುವಲ್ಲಿ, ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ.

ನಂಬಿಕೆ: ‘ಮೂಢ’ ಎನ್ನುವ ಮೊದಲು

‘ಮೂಢನಂಬಿಕೆ’ ಎಂಬ ಪದ ಬರೆದೊಡನೆ ವಿಶ್ಲೇಷಣೆ ನಿಂತುಹೋಗುತ್ತದೆ, ಹಾಗಾಗಿ ಅದನ್ನು ಮಿತವಾಗಿ ಬಳಸಿ. ನಂಬಿಕೆಗೆ ತನ್ನದೇ ತರ್ಕವಿದೆ. ಪರಂಗಿ ಹಣ್ಣು ಉಷ್ಣ, ಬಸುರಿಗೆ ಬೇಡ. ಮೊಸರು, ಸೊಪ್ಪು ಶೀತ ಅಥವಾ ನಂಜು, ಬಾಣಂತಿಗೆ ಬೇಡ. ಆಹಾರವನ್ನು ಉಷ್ಣ–ಶೀತವೆಂದು ವಿಂಗಡಿಸುವುದು ನಮ್ಮಲ್ಲಿ ಮಾತ್ರವಲ್ಲ. ಪೆರು ದೇಶದ ಲಾಸ್ ಮೊಲಿನೋಸ್ ಎಂಬಲ್ಲಿ ಎರಡು ವರ್ಷ ‘ನೀರು ಕುದಿಸಿ ಕುಡಿಯಿರಿ’ ಎಂದು ಪ್ರಚಾರ ಮಾಡಿದರೂ 200 ಮನೆಗಳಲ್ಲಿ ಹೊಸದಾಗಿ ಒಪ್ಪಿದ್ದು 11 ಮಾತ್ರ ಎಂದು ಎಡ್ವರ್ಡ್ ವೆಲಿನ್ 1955ರಲ್ಲಿ ದಾಖಲಿಸಿದರು. ಅಲ್ಲಿ ಕಾಯಿಸಿದ ನೀರು ರೋಗಿಗಳದ್ದು, ಆರೋಗ್ಯವಂತರು ಕುಡಿಯುವಂಥದ್ದಲ್ಲ ಎಂಬ ಭಾವನೆಯಿತ್ತು. ಜೊತೆಗೆ ಸೌದೆ, ಸಮಯ ಎರಡೂ ಕಡಿಮೆ.

ನಂಬಿಕೆಗಳೆಲ್ಲ ಹಾನಿಯಲ್ಲ. ‘ಅಮ್ಮ’ ಬಂದಿದೆ ಎಂದು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಬೇವು ಸಿಕ್ಕಿಸಿ, ಹೊರಗಿನವರನ್ನು ತಡೆಯುವುದು ಅಂಟುರೋಗಕ್ಕೆ ಹೊಂದುವ ಪ್ರತ್ಯೇಕತೆಯೇ. ಕೆಡುವುದು ಎಲ್ಲಿ? ದೇವಿ ಮುನಿಯುತ್ತಾಳೆಂದು ಔಷಧ ನಿಲ್ಲಿಸಿದಾಗ, ದಡಾರವನ್ನೂ ‘ಅಮ್ಮ’ನ ಲೆಕ್ಕಕ್ಕೆ ಹಾಕಿ ವಿಟಮಿನ್ ಎ ಕೊಡಿಸದೆ ಬಿಟ್ಟಾಗ. ತುಮಕೂರು, ಚಿತ್ರದುರ್ಗ ಭಾಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿ, ಕೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಮಾತ್ರ ನೇರ ಅಪಾಯ: ಚಳಿ, ಮಳೆ, ನಂಜು, ರಾತ್ರಿ ನೆರವಿಲ್ಲ. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ತಡೆ ಕಾಯ್ದೆಯಡಿ ಇಂಥ ಬಲವಂತದ ಪ್ರತ್ಯೇಕತೆ ಅಪರಾಧ.

ಕಬ್ಬಿಣಾಂಶದ ಗುಳಿಗೆಯಲ್ಲಿ ನಂಬಿಕೆ ಅನುಭವದ ಮೇಲೆ ನಿಂತಿದೆ. ಗರ್ಭಿಣಿ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ‘ಇದರಿಂದ ಕೂಸು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟ’ ಎಂದು ಅತ್ತೆ ಹೇಳಿದರೆ ಕಣ್ಣೆದುರೇ ಪುರಾವೆ ಇದ್ದಂತೆ. ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತದೆ, ತಾಯಿ ಕಾರ್ಡಿನಲ್ಲಿ ಮಾತ್ರ ‘ಕೊಡಲಾಗಿದೆ’ ಎಂದಿರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ 57ರಷ್ಟಿರುವುದನ್ನು ಇಲ್ಲಿ ಬಳಸಿ. ಆದರೆ ಅದಕ್ಕೆ ಈ ನಂಬಿಕೆಯೊಂದೇ ಕಾರಣ ಎನ್ನಬೇಡಿ. ತಟ್ಟೆಯಲ್ಲಿ ಕಾಳು, ಸೊಪ್ಪು, ಮಾಂಸ ಇಲ್ಲದಿರುವುದೇ ದೊಡ್ಡ ಪಾಲು.

ಮೂರೂ ಒಂದಾಗುವ ಉದಾಹರಣೆ

ಸಮಯ ಸಾಲದಿದ್ದರೆ ಉಳಿದದ್ದನ್ನು ಕತ್ತರಿಸಿ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯವನ್ನು ಪೂರ್ತಿ ಬರೆಯಿರಿ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಅಲ್ಲಿ ಅಸಹಜವಾಗಿ ಹೆಚ್ಚಿದ್ದಾರೆ ಎಂಬ ಸುದ್ದಿ 2019ರಲ್ಲಿ ದೊಡ್ಡದಾಗಿ, ಸರ್ಕಾರ ತನಿಖಾ ಸಮಿತಿ ನೇಮಿಸಿತು. ಈ ಗುಳೆಯ ಹಾದಿ ಕರ್ನಾಟಕದ ಕಬ್ಬಿನ ಸೀಮೆಗೂ ಬರುತ್ತದೆ. ಇಲ್ಲಿ ಕುಟುಂಬವೇ ಕೆಲಸದ ಘಟಕ: ಗಂಡ–ಹೆಂಡತಿ ಸೇರಿ ಒಂದು ‘ಕೊಯ್ತಾ’, ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರನಾದ ಮುಕಾದಮ ಇಬ್ಬರಿಗೂ ಒಟ್ಟಾಗಿ ಮುಂಗಡ ಕೊಡುತ್ತಾನೆ. ಒಬ್ಬರು ಒಂದು ದಿನ ತಪ್ಪಿಸಿದರೂ ದಂಡ. ಸಣ್ಣ ವಯಸ್ಸಿನ ಮದುವೆ, ಬೇಗನೆ ಮಕ್ಕಳು. ಗುಡಾರದ ಬಳಿ ಶೌಚಾಲಯ, ನೀರು ಇಲ್ಲದೆ ಸೋಂಕು. ಬಿಳಿ ಮುಟ್ಟು, ಹೊಟ್ಟೆ ನೋವೆಂದು ಹೋದರೆ ಮುಂದೆ ಕ್ಯಾನ್ಸರ್ ಆದೀತೆಂಬ ಭಯ ಹುಟ್ಟಿಸುವವರಿದ್ದಾರೆ. ಮಕ್ಕಳಾದ ಮೇಲೆ ಗರ್ಭಕೋಶ ಇದ್ದೇನು ಫಲ ಎಂಬ ಮಾತಿಗೆ ಮನೆಯಲ್ಲಿ ಎದುರಾಡುವವರಿಲ್ಲ. ಶಸ್ತ್ರಚಿಕಿತ್ಸೆಗೆ ಮತ್ತೆ ಸಾಲ, ಅದು ತೀರಲು ಮತ್ತೊಂದು ಹಂಗಾಮು. ಅಂಡಾಶಯವನ್ನೂ ತೆಗೆದಿದ್ದರೆ ಅಕಾಲದಲ್ಲೇ ಮುಟ್ಟು ನಿಂತ ಸ್ಥಿತಿ, ಮೂಳೆ ಸವೆತ.

ಈ ಹೆಂಗಸರು ಚಿಕಿತ್ಸೆಯಿಂದ ದೂರ ಉಳಿದವರಲ್ಲ. ಬೇಡದ ಚಿಕಿತ್ಸೆ ಪಡೆದವರು. ಆಸ್ಪತ್ರೆ ಬಳಕೆ ಹೆಚ್ಚಿದರೆ ಆರೋಗ್ಯ ವರ್ತನೆ ಸುಧಾರಿಸಿತು ಎಂದು ಬರೆಯುವ ಮುನ್ನ ಇದನ್ನು ಎದುರಿಗಿಟ್ಟುಕೊಳ್ಳಿ. ಪರಿಹಾರ ಕೇಳಿದ್ದರೆ ‘ಜಾಗೃತಿ ಮೂಡಿಸಬೇಕು’ ಎಂದು ನಿಲ್ಲಿಸಬೇಡಿ. ಗೈರುಹಾಜರಿಯ ದಂಡ ರದ್ದು, ಗಂಡ ಹೆಂಡತಿಗೆ ಬೇರೆ ಬೇರೆ ಕೂಲಿ, ಗುಡಾರದ ಬಳಿ ನೀರು ಮತ್ತು ಶೌಚಾಲಯ, ಗರ್ಭಕೋಶ ತೆಗೆಯುವ ಮೊದಲು ಇನ್ನೊಬ್ಬ ವೈದ್ಯರ ಲಿಖಿತ ಅಭಿಪ್ರಾಯ ಎಂದು ಬರೆಯಿರಿ.