‘ಹಾಲಿನ ಪುಸ್ತಕ’ ಮೊಬೈಲ್ ಆ್ಯಪ್: ಗುಣಮಟ್ಟ ನಿರ್ವಹಣಾ ಯೋಜನೆ

ಆವೃತ್ತಿ: 1.2
ಸಿದ್ಧಪಡಿಸಿದವರು: ಯೋಜನಾ ಮುಖ್ಯಸ್ಥೆ
ಒಪ್ಪಿಗೆ ನೀಡುವವರು: ಸಂಘದ ಅಧ್ಯಕ್ಷರು ಮತ್ತು ಕಾರ್ಯದರ್ಶಿ
ಯೋಜನೆಯ ಅವಧಿ: 14 ವಾರ

1. ಏನು ಕಟ್ಟುತ್ತಿದ್ದೇವೆ, ಯಾವುದು ಮುಖ್ಯ

ಅರಸೀಕೆರೆ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ (ಮುಂದೆ ‘ಸಂಘ’) ಈ ಆ್ಯಪ್ ಸಿದ್ಧವಾಗುತ್ತಿದೆ. ಹಾಲು ಹಾಕುವ ಸುಮಾರು 140 ಸದಸ್ಯರು ಬೆಳಿಗ್ಗೆ ಮತ್ತು ಸಂಜೆಯ ಸರದಿಯಲ್ಲಿ ಹಾಕಿದ ಹಾಲಿನ ಪ್ರಮಾಣ, ಫ್ಯಾಟ್, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್, ದರ ಮತ್ತು ಮೊತ್ತವನ್ನು ತಮ್ಮ ಮೊಬೈಲ್‌ನಲ್ಲಿ ನೋಡಬೇಕು. ಕಾರ್ಯದರ್ಶಿ ಕೇಂದ್ರದ ಫೋನಿನಿಂದ ನಮೂದು ಮಾಡುತ್ತಾರೆ. ವಾರಕ್ಕೊಮ್ಮೆ ಬಟವಾಡೆ ಪಟ್ಟಿ ತಯಾರಾಗುತ್ತದೆ.

ಈ ಯೋಜನೆಯಲ್ಲಿ ಗುಣಮಟ್ಟವೆಂದರೆ ಸದಸ್ಯನ ಫೋನಿನಲ್ಲಿ ಕಾಣುವ ಮೊತ್ತವೂ ಸಂಘದ ರಿಜಿಸ್ಟರಿನ ಮೊತ್ತವೂ ಪೈಸೆಯವರೆಗೆ ಒಂದೇ ಆಗಿರುವುದು. ಪರದೆ ಚೆಂದವಾಗಿರಬೇಕು, ಬೇಗ ತೆರೆಯಬೇಕು ಎಂಬವೂ ಇವೆ, ಆದರೆ ಅವೆಲ್ಲ ಎರಡನೆಯ ಸಾಲಿನವು. ಹಾಲಿನ ಲೆಕ್ಕದಲ್ಲಿ ಒಮ್ಮೆ ಅನುಮಾನ ಹುಟ್ಟಿದರೆ ಆ ಅನುಮಾನ ಆ್ಯಪ್‌ಗೆ ನಿಲ್ಲುವುದಿಲ್ಲ, ಕಾರ್ಯದರ್ಶಿಯ ಮೇಲೆ ಹೋಗುತ್ತದೆ. ಆದ್ದರಿಂದ ಪರೀಕ್ಷೆಗೆ ಇರುವ ಸಮಯದ ಅರ್ಧಕ್ಕಿಂತ ಹೆಚ್ಚು ಲೆಕ್ಕದ ಭಾಗಕ್ಕೇ ಮೀಸಲು.

ತಂಡ ಚಿಕ್ಕದು: ಯೋಜನಾ ಮುಖ್ಯಸ್ಥೆ, ಇಬ್ಬರು ಡೆವಲಪರ್‌ಗಳು, ಒಬ್ಬ ಟೆಸ್ಟರ್. ಸಂಘದ ಕಡೆಯಿಂದ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕ. ಬಿಡುಗಡೆ ಬೇಡವೆನ್ನುವ ಅಧಿಕಾರ ಟೆಸ್ಟರ್‌ಗೆ ಇದೆ; ಅದನ್ನು ಮೀರಬೇಕಾದರೆ ಮುಖ್ಯಸ್ಥೆ ಕಾರಣವನ್ನು ಬರೆದು ಸಂಘಕ್ಕೆ ತಿಳಿಸಬೇಕು. ಲೆಕ್ಕದ ದೋಷವಿದ್ದಾಗ ಅವರಿಗೂ ಮೀರುವ ಅಧಿಕಾರವಿಲ್ಲ.

2. ಲೆಕ್ಕದ ನಿಯಮಗಳು

ಸ್ವೀಕಾರದ ಮಾನದಂಡಗಳು ಈ ನಿಯಮಗಳ ಮೇಲೆ ನಿಂತಿವೆ. ಕಾರ್ಯದರ್ಶಿಯೊಂದಿಗೆ ಹಳೆಯ ರಿಜಿಸ್ಟರ್ ಇಟ್ಟುಕೊಂಡು ಇವನ್ನು ಗೊತ್ತುಮಾಡಲಾಗಿದೆ.

ಸಂಘದ ತಕ್ಕಡಿ ಕಿಲೋದಲ್ಲಿ ತೋರಿಸುತ್ತದೆ, ಹಣ ಲೀಟರಿಗೆ ಸಲ್ಲುತ್ತದೆ. ಕಿಲೋವನ್ನು 1.03ರಿಂದ ಭಾಗಿಸಿ, ಬಂದ ಲೀಟರನ್ನು ಮೊದಲು ಎರಡು ದಶಮಾಂಶಕ್ಕೆ ಇಳಿಸಿ, ಆಮೇಲೆ ದರದಿಂದ ಗುಣಿಸಬೇಕು. ಈ ಕ್ರಮ ತಪ್ಪಿದರೆ ಮೊತ್ತ ಬದಲಾಗುತ್ತದೆ. 6.400 ಕಿಲೋ ಹಾಲಿಗೆ ಲೀಟರಿಗೆ ₹34.85 ದರವಿದ್ದರೆ ಸಂಘದ ಪದ್ಧತಿಯಂತೆ 6.21 ಲೀಟರ್, ₹216.42. ಇಳಿಸದೆ ನೇರವಾಗಿ ಗುಣಿಸಿದರೆ ₹216.54. ಹನ್ನೆರಡು ಪೈಸೆಯ ವ್ಯತ್ಯಾಸ ಒಂದು ಸರದಿಯಲ್ಲಿ ಯಾರಿಗೂ ತಿಳಿಯದು, ಬಟವಾಡೆಯ ದಿನ ಎಲ್ಲರಿಗೂ ತಿಳಿಯುತ್ತದೆ.

ಅರ್ಧ ಪೈಸೆ ಬಂದರೆ ಮೇಲಕ್ಕೆ. 6.50 ಲೀಟರಿಗೆ ಇದೇ ದರದಲ್ಲಿ ₹226.525 ಬರುತ್ತದೆ, ಅದು ₹226.53 ಆಗಬೇಕು. ಕೆಲವು ಪ್ರೋಗ್ರಾಮಿಂಗ್ ಭಾಷೆಗಳು ತಾವಾಗಿ ಸಮ ಅಂಕಿಯ ಕಡೆಗೆ ಇಳಿಸಿ ₹226.52 ಎನ್ನುತ್ತವೆ. ಹೀಗಾಗಿ ಹಣವನ್ನು ದಶಮಾಂಶ ಸಂಖ್ಯೆಯಾಗಿ ಎಲ್ಲಿಯೂ ಇಡಬಾರದು. ಲೀಟರಿನ ನೂರನೇ ಭಾಗ ಮತ್ತು ಪೈಸೆ, ಎರಡೂ ಪೂರ್ಣಾಂಕಗಳು; ಭಾಗಾಕಾರದಲ್ಲಿ ಶೇಷ ಬಿಡಬೇಕು:

```
paise = (litre100 * ratePaise + 50) / 100
```

ದರವನ್ನು ಆ್ಯಪ್ ಸೂತ್ರ ಹಾಕಿ ಕಂಡುಹಿಡಿಯುವುದಿಲ್ಲ. ಫ್ಯಾಟ್ ಒಂದು ಕಡೆ, ಎಸ್‌ಎನ್‌ಎಫ್ ಇನ್ನೊಂದು ಕಡೆ ಇರುವ ಸಂಘದ ದರಪಟ್ಟಿಯಿಂದ ಓದುತ್ತದೆ. ಪಟ್ಟಿಯಲ್ಲಿ ಇಲ್ಲದ ಜೋಡಿ ಬಂದರೆ ಹತ್ತಿರದ ದರ ಊಹಿಸದೆ ನಮೂದನ್ನು ತಡೆದು ಕಾರ್ಯದರ್ಶಿಯನ್ನು ಕೇಳಬೇಕು.

3. ಸ್ವೀಕಾರದ ಮಾನದಂಡಗಳು

| ಸಂಖ್ಯೆ | ಏನು ಆಗಬೇಕು | ಹೇಗೆ ನೋಡುತ್ತೇವೆ |
|---|---|---|
| ಸ್ವೀ-1 | ಹಳೆಯ ಎರಡು ಬಟವಾಡೆಗಳ ಎಲ್ಲ ನಮೂದುಗಳನ್ನು ಮರಳಿ ಹಾಕಿದಾಗ ಪ್ರತಿ ಸಾಲಿನ ಮೊತ್ತ ರಿಜಿಸ್ಟರಿಗೆ ತಾಳೆಯಾಗಬೇಕು. ಅನುಮತಿಸುವ ವ್ಯತ್ಯಾಸ: ಸೊನ್ನೆ | ಸ್ವಯಂಚಾಲಿತ ಪರೀಕ್ಷೆ, ಪ್ರತಿ ಬಿಲ್ಡ್‌ನಲ್ಲಿ |
| ಸ್ವೀ-2 | ನೆಟ್‌ವರ್ಕ್ ಇಲ್ಲದೆ ಇಡೀ ಸರದಿಯ ನಮೂದು ಸಾಧ್ಯವಾಗಬೇಕು. ನೆಟ್‌ವರ್ಕ್ ಬಂದಾಗ ಒಂದೂ ಕಳೆಯದೆ, ಒಂದೂ ಎರಡಾಗದೆ ಸರ್ವರ್ ಸೇರಬೇಕು | 140 ನಮೂದು, ಏರೋಪ್ಲೇನ್ ಮೋಡ್, ಕಳುಹಿಸುವಾಗ ಮೂರು ಬಾರಿ ಸಂಪರ್ಕ ಕಡಿಯುವುದು |
| ಸ್ವೀ-3 | ರಾತ್ರಿ 12ರ ನಂತರ ಸರ್ವರ್ ಸೇರಿದ ಸಂಜೆಯ ನಮೂದು ಹಿಂದಿನ ದಿನದ ಲೆಕ್ಕದಲ್ಲಿಯೇ ಉಳಿಯಬೇಕು | ಟೆಸ್ಟರ್, ಕೈಯಿಂದ |
| ಸ್ವೀ-4 | ಸದಸ್ಯನಿಗೆ ತನ್ನ ಮೊಬೈಲ್ ಸಂಖ್ಯೆಗೆ ಜೋಡಿಸಿದ ಸದಸ್ಯತ್ವದ ಲೆಕ್ಕ ಮಾತ್ರ ಕಾಣಬೇಕು | ಸರ್ವರ್‌ಗೆ ಬೇರೆ ಸದಸ್ಯನ ಸಂಖ್ಯೆ ಹಾಕಿ ನೇರ ಕೋರಿಕೆ |
| ಸ್ವೀ-5 | ಕಾರ್ಯದರ್ಶಿ ಒಂದು ನಮೂದನ್ನು 15 ಸೆಕೆಂಡಿನೊಳಗೆ ಮುಗಿಸಬೇಕು | ಕೇಂದ್ರದಲ್ಲಿ, ಸರದಿ ನಡೆಯುವಾಗ |
| ಸ್ವೀ-6 | ಫೋನಿನ ಅಕ್ಷರ ಗಾತ್ರ ಅತಿ ದೊಡ್ಡದಾಗಿದ್ದರೂ ಹೆಸರು, ಮೊತ್ತ ಕತ್ತರಿಸಬಾರದು | ಐದೂ ಪರೀಕ್ಷಾ ಫೋನುಗಳಲ್ಲಿ |
| ಸ್ವೀ-7 | ತಿದ್ದಿದ ನಮೂದಿನ ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದ ಸಮಯ ಮೂರೂ ಸದಸ್ಯನಿಗೆ ಕಾಣಬೇಕು | ಟೆಸ್ಟರ್ ಮತ್ತು ಕಾರ್ಯದರ್ಶಿ |

ಸ್ವೀ-2ರ ಬಗ್ಗೆ ವಿವರಣೆ ಬೇಕು. ಸದಸ್ಯ ಸಂಖ್ಯೆ, ದಿನಾಂಕ, ಸರದಿ ಮೂರೂ ಒಂದೇ ಇದ್ದರೆ ಅದು ನಕಲು ಎಂದು ತೆಗೆದುಹಾಕುವುದು ಸುಲಭದ ದಾರಿಯೆಂದು ತೋರುತ್ತದೆ. ಆದರೆ ಒಂದೇ ಸರದಿಯಲ್ಲಿ ಎರಡು ಸಲ ಹಾಲು ತರುವ ಮನೆಗಳಿವೆ. ಈ ದಾರಿ ಹಿಡಿದರೆ ಎರಡನೆಯ ಕ್ಯಾನಿನ ಹಾಲು ಲೆಕ್ಕದಿಂದ ಮಾಯವಾಗುತ್ತದೆ. ಆದ್ದರಿಂದ ನಮೂದು ಹುಟ್ಟುವ ಕ್ಷಣದಲ್ಲೇ ಫೋನು ಅದಕ್ಕೆ ಬೇರಾವ ನಮೂದಿಗೂ ಇಲ್ಲದ ಗುರುತಿನ ಸಂಖ್ಯೆಯಾದ ಯುಯುಐಡಿ ಕೊಡಬೇಕು. ನಕಲು ಹೌದೋ ಅಲ್ಲವೋ ಎಂಬುದನ್ನು ಸರ್ವರ್ ಅದರಿಂದ ಮಾತ್ರ ನಿರ್ಧರಿಸಬೇಕು.

ಸ್ವೀ-4ರಲ್ಲಿ ಒಂದು ಮೊಬೈಲ್ ಸಂಖ್ಯೆಗೆ ಹಲವು ಸದಸ್ಯತ್ವಗಳು ಇರಬಹುದು. ಅತ್ತೆ, ಸೊಸೆ ಇಬ್ಬರೂ ಸದಸ್ಯರಾಗಿದ್ದು ಮನೆಯಲ್ಲಿ ಇರುವುದು ಒಂದೇ ಫೋನು ಎಂಬುದು ಇಲ್ಲಿ ಸಾಮಾನ್ಯ. ಜೋಡಣೆಗೆ ಪ್ರತಿ ಸದಸ್ಯೆಯ ಸಹಿ ಬೇಕು. ಕಾರ್ಯದರ್ಶಿ ಬಾಯಿಮಾತಿನ ಮೇಲೆ ಸೇರಿಸುವಂತಿಲ್ಲ.

ಸ್ವೀ-6ರ ಪರೀಕ್ಷೆಗೆ ‘ಲಕ್ಷ್ಮಮ್ಮ’, ‘ಕೃಷ್ಣಮೂರ್ತಿ’, ‘ಸ್ವರ್ಣಾಂಬ’ದಂತಹ ಹೆಸರುಗಳನ್ನೇ ಬಳಸಬೇಕು. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಕಟ್ಟಿದ ಸಾಲಿನಲ್ಲಿ ಒತ್ತಕ್ಷರದ ಬುಡವೇ ಮೊದಲು ಕತ್ತರಿಸುತ್ತದೆ.

ಪ್ಲೇ ಸ್ಟೋರ್ ಕೆಟ್ಟ ನಡವಳಿಕೆ ಎಂದು ಪರಿಗಣಿಸುವ ಮಿತಿಗಳು ಬಳಕೆದಾರರಿಗೆ ಕಾಣುವ ಕ್ರ್ಯಾಶ್‌ಗೆ 1.09%, ಸ್ತಬ್ಧವಾಗುವುದಕ್ಕೆ 0.47%. ಇಷ್ಟು ಕಡಿಮೆ ಬಳಕೆದಾರರಿರುವಾಗ ಶೇಕಡಾವಾರು ಹೆಚ್ಚು ಹೇಳುವುದಿಲ್ಲ. ಹಾಗಾಗಿ ನಮ್ಮ ನಿಯಮ ಸರಳ: ರಿಜಿಸ್ಟರ್ ಮತ್ತು ಆ್ಯಪ್ ಎರಡನ್ನೂ ಜೊತೆಯಾಗಿ ನಡೆಸುವ ಸಮಾಂತರ ಓಟದಲ್ಲಿ ಆದ ಪ್ರತಿಯೊಂದು ಕ್ರ್ಯಾಶ್‌ಗೂ ಒಂದು ದೋಷ ದಾಖಲೆ.

4. ತಪಾಸಣೆಗಳು

ಕೋಡ್ ತಪಾಸಣೆ: ಬರೆದವರಲ್ಲದ ಇನ್ನೊಬ್ಬ ಡೆವಲಪರ್ ನೋಡದೆ ಯಾವ ಬದಲಾವಣೆಯೂ ಮುಖ್ಯ ಶಾಖೆಗೆ ಸೇರುವುದಿಲ್ಲ. ಲೆಕ್ಕ, ಸರ್ವರ್‌ಗೆ ಕಳುಹಿಸುವಿಕೆ ಮತ್ತು ಲಾಗಿನ್ ಭಾಗಗಳಲ್ಲಿ ಟೆಸ್ಟರ್ ಕೂಡ ಕುಳಿತು ನೋಡುತ್ತಾರೆ. ಪರದೆಯ ಬಣ್ಣ, ಐಕಾನ್ ಬದಲಾವಣೆಗೆ ಇಷ್ಟು ಬಿಗಿ ಬೇಡ.

ಪ್ರತಿ ಗುರುವಾರ ಆ ವಾರದ ಬಿಲ್ಡ್ ಅನ್ನು ಐದು ಫೋನುಗಳಲ್ಲಿ ಓಡಿಸಲಾಗುತ್ತದೆ. ಅವುಗಳಲ್ಲಿ ಒಂದು 2 ಜಿಬಿ ರ್‍ಯಾಮ್ ಇರುವ ಆಂಡ್ರಾಯ್ಡ್ 8.1 ಫೋನು, ಒಂದು ಆಂಡ್ರಾಯ್ಡ್ 15. ಇನ್ನೊಂದು ಪರದೆ ಬಿರುಕು ಬಿಟ್ಟ ಹಳೆಯ ಫೋನು. ಅಂತಹವೇ ಊರಿನಲ್ಲಿ ಹೆಚ್ಚು. ಐಫೋನ್ ಈ ಹಂತದ ವ್ಯಾಪ್ತಿಯಲ್ಲಿಲ್ಲ.

5 ಮತ್ತು 9ನೇ ವಾರಗಳಲ್ಲಿ ಸ್ಥಳ ತಪಾಸಣೆ. ಟೆಸ್ಟರ್ ಮತ್ತು ಒಬ್ಬ ಡೆವಲಪರ್ ಬೆಳಗಿನ ಸರದಿಗೆ ಕೇಂದ್ರದಲ್ಲಿರಬೇಕು. ಒದ್ದೆ ಕೈಯಲ್ಲಿ ಪರದೆ ಒತ್ತುವುದು, ಸಾಲು ಬೆಳೆದಾಗಿನ ಅವಸರ, ಒಬ್ಬರ ನಮೂದನ್ನು ಇನ್ನೊಬ್ಬರ ಹೆಸರಿಗೆ ಹಾಕುವ ತಪ್ಪು ಇವು ಕಚೇರಿಯ ಮೇಜಿನ ಮೇಲೆ ಕಾಣುವುದಿಲ್ಲ. ಅಂದು ಸಲಹೆ ಕೊಡುವಂತಿಲ್ಲ, ನೋಡಿ ಬರೆದುಕೊಳ್ಳುವುದಷ್ಟೇ.

ಸಮಾಂತರ ಓಟ 11 ಮತ್ತು 12ನೇ ವಾರಗಳಲ್ಲಿ. ಎರಡು ಪೂರ್ಣ ಬಟವಾಡೆಗಳ ಕಾಲ ರಿಜಿಸ್ಟರ್ ಮತ್ತು ಆ್ಯಪ್ ಎರಡರಲ್ಲಿಯೂ ನಮೂದು ನಡೆಯುತ್ತದೆ. ಹಣ ರಿಜಿಸ್ಟರಿನಂತೆಯೇ ಪಾವತಿಯಾಗುತ್ತದೆ. ಪ್ರತಿ ಸರದಿಯ ನಂತರ ಒಟ್ಟು ಲೀಟರ್ ಮತ್ತು ಒಟ್ಟು ಮೊತ್ತವನ್ನು ಕಾರ್ಯದರ್ಶಿ ತಾಳೆ ನೋಡಿ ಸಹಿ ಹಾಕಬೇಕು. ಹೊಸ ವೈಯಕ್ತಿಕ ಡೆವಲಪರ್ ಖಾತೆಗೆ ಪ್ಲೇ ಸ್ಟೋರ್ ಕೇಳುವ 12 ಮಂದಿಯ, ಸತತ 14 ದಿನಗಳ ಮುಚ್ಚಿದ ಪರೀಕ್ಷೆಯನ್ನೂ ಇದೇ ಅವಧಿಯಲ್ಲಿ ಮುಗಿಸುತ್ತೇವೆ. ಯಾರಾದರೂ ನಡುವೆ ಬಿಟ್ಟರೂ ಎಣಿಕೆ ಕುಸಿಯದಂತೆ 18 ಸದಸ್ಯರನ್ನು ಸೇರಿಸಿಕೊಳ್ಳಬೇಕು.

ಎಸ್‌ಎಂಎಸ್ ಕುರಿತು: ಒಟಿಪಿ ಸಂದೇಶದ ಮಾದರಿ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿಯಾಗದೆ ಸಂದೇಶ ಹೋಗುವುದಿಲ್ಲ, ಆದ್ದರಿಂದ ಅರ್ಜಿ 2ನೇ ವಾರದಲ್ಲೇ ಹೋಗಬೇಕು. ಕನ್ನಡ ಸಂದೇಶ 70 ಅಕ್ಷರ ದಾಟಿದರೆ ಎರಡು ಸಂದೇಶದ ದರ ಬೀಳುತ್ತದೆ. ಮಾದರಿಯನ್ನು ಅದರೊಳಗೆ ಬರೆಯಬೇಕು.

5. ದೋಷಗಳ ದಾಖಲೆ ಮತ್ತು ಬೆನ್ನುಹತ್ತುವಿಕೆ

ಎಲ್ಲ ದೋಷಗಳೂ ಒಂದೇ ಪಟ್ಟಿಯಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ. ಕಾರ್ಯದರ್ಶಿಯವರು ಫಾರಂ ತುಂಬಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ: ಅವರು ಟೆಸ್ಟರ್‌ಗೆ ಫೋನ್ ಮಾಡಿದರೆ ಸಾಕು, ಟೆಸ್ಟರ್ ಅದೇ ದಿನ ಬರೆಯುತ್ತಾರೆ.

ತೀವ್ರತೆ ನಾಲ್ಕು ಬಗೆ. ಒಂದನೆಯದು ತಪ್ಪು ಮೊತ್ತ, ಕಳೆದ ಅಥವಾ ಎರಡಾದ ನಮೂದು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದು; ಬೇರೆ ಕೆಲಸ ನಿಲ್ಲಿಸಿ 24 ಗಂಟೆಯೊಳಗೆ ಪರಿಹಾರ. ಎರಡನೆಯದು ಸರದಿಯ ಕೆಲಸ ನಿಲ್ಲಿಸುವ ದೋಷ, ಮೂರು ದಿನ. ಮೂರನೆಯದಕ್ಕೆ ಬೇರೆ ದಾರಿ ಇರುತ್ತದೆ. ಮುಂದಿನ ಗುರುವಾರದ ಬಿಲ್ಡ್. ನಾಲ್ಕನೆಯದು ನೋಟಕ್ಕೆ ಸಂಬಂಧಿಸಿದ್ದು; ಪುರುಸೊತ್ತಾದಾಗ. ಮೊತ್ತ ಒಂದು ಪೈಸೆ ತಪ್ಪಿದರೂ ಅದು ಒಂದನೆಯ ತೀವ್ರತೆಯೇ. ಪೈಸೆ ಸಣ್ಣದೆಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ, ಏಕೆಂದರೆ ಅದರ ಹಿಂದಿನ ಕಾರಣ ಎಷ್ಟು ದೊಡ್ಡದೆಂದು ಹುಡುಕುವವರೆಗೆ ತಿಳಿಯುವುದಿಲ್ಲ.

ದೋಷವೊಂದು ಸಾಗುವ ಹಂತಗಳು: ಹೊಸತು, ಖಚಿತ, ಸರಿಪಡಿಸುತ್ತಿದೆ, ಮರುಪರೀಕ್ಷೆ, ಮುಕ್ತಾಯ. ಸರಿಪಡಿಸಿದವರೇ ಮುಕ್ತಾಯಗೊಳಿಸುವಂತಿಲ್ಲ. ಒಂದನೆಯ ತೀವ್ರತೆಯ ಪ್ರತಿ ದೋಷಕ್ಕೂ ಅದನ್ನು ಮತ್ತೆ ಹಿಡಿಯುವ ಸ್ವಯಂಚಾಲಿತ ಪರೀಕ್ಷೆ ಸೇರಬೇಕು. 5ನೇ ವಾರದ ಸ್ಥಳ ತಪಾಸಣೆಯ ಒಂದು ದಾಖಲೆಯನ್ನು ಮಾದರಿಯಾಗಿ ಇಲ್ಲಿ ಕೊಡಲಾಗಿದೆ:

> ಹಾಪು-037. ತೀವ್ರತೆ 1. ಕಂಡದ್ದು: ಫ್ಯಾಟ್ 4.1 ಎಂದು ಹಾಕಿ ಉಳಿಸಿ, ಹಿಂದೆ ಹೋಗಿ 4.3 ಎಂದು ತಿದ್ದಿದಾಗ ದರ 4.1ರದ್ದೇ ಉಳಿಯಿತು.
> ಆಗಬೇಕಾದದ್ದು: ಫ್ಯಾಟ್ ಅಥವಾ ಎಸ್‌ಎನ್‌ಎಫ್ ಬದಲಾದಾಗ ದರಪಟ್ಟಿಯನ್ನು ಮತ್ತೆ ಓದಬೇಕು.
> ಎಲ್ಲಿ: ಆಂಡ್ರಾಯ್ಡ್ 8.1, ನೆಟ್‌ವರ್ಕ್ ಇಲ್ಲದಾಗ ಮಾತ್ರ.
> ಕಾರಣ: ಫೋನಿನಲ್ಲಿ ಉಳಿಸಿದ ನಮೂದಿನ ದರವನ್ನು ತಿದ್ದುವ ಪರದೆ ಮರಳಿ ಲೆಕ್ಕ ಹಾಕುತ್ತಿರಲಿಲ್ಲ.
> ಸ್ಥಿತಿ: ಮುಕ್ತಾಯ, ಪರೀಕ್ಷೆ ಸೇರಿಸಲಾಗಿದೆ, ಟೆಸ್ಟರ್ ಮೂರು ಫೋನುಗಳಲ್ಲಿ ನೋಡಿದ್ದಾರೆ.

ಶುಕ್ರವಾರದ ಅರ್ಧ ಗಂಟೆಯ ಸಭೆಯಲ್ಲಿ ಮೂರು ಅಂಕಿಗಳನ್ನು ಮಾತ್ರ ನೋಡುತ್ತೇವೆ: ತಾಳೆಯಾಗದ ನಮೂದುಗಳೆಷ್ಟು, ಮುಗಿದು ಮತ್ತೆ ತೆರೆದ ದೋಷಗಳೆಷ್ಟು, ಅತಿ ಹಳೆಯ ದೋಷಕ್ಕೆ ಎಷ್ಟು ದಿನವಾಯಿತು. ಯಾವ ಡೆವಲಪರ್ ಎಷ್ಟು ದೋಷ ಮಾಡಿದರೆಂದು ಎಣಿಸುವುದಿಲ್ಲ. ಎಣಿಸಿದರೆ ದೋಷಗಳು ಪಟ್ಟಿಗೆ ಬರುವುದೇ ನಿಲ್ಲುತ್ತದೆ.

6. ಬಿಡುಗಡೆಯ ಷರತ್ತು

13ನೇ ವಾರದ ಆರಂಭದಿಂದ ಹೊಸ ಸೌಲಭ್ಯ ಸೇರಿಸುವಂತಿಲ್ಲ. ಬಿಡುಗಡೆಗೆ ಒಂದನೆಯ ಮತ್ತು ಎರಡನೆಯ ತೀವ್ರತೆಯ ದೋಷ ಒಂದೂ ತೆರೆದಿರಬಾರದು. ಮೂರನೆಯದು ಐದಕ್ಕೆ ಮೀರಬಾರದು, ಅವೂ ಸಂಘಕ್ಕೆ ತಿಳಿದಿರಬೇಕು. ಸಮಾಂತರ ಓಟದ ಎರಡನೆಯ ಬಟವಾಡೆ ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾಗಿರಬೇಕು. ಆಗದಿದ್ದರೆ ಕಾರಣ ಸರಿಪಡಿಸಿ ಇನ್ನೊಂದು ಬಟವಾಡೆ ಓಡಿಸಲಾಗುತ್ತದೆ, ಬಿಡುಗಡೆ ಒಂದು ವಾರ ಮುಂದೆ ಹೋಗುತ್ತದೆ. ಆ ವಾರದ ಖರ್ಚು ತಂಡದ್ದು.

ಬಿಡುಗಡೆಯ ನಂತರ ಮೂರು ತಿಂಗಳು ಇದೇ ದೋಷಪಟ್ಟಿ, ಇದೇ ಗಡುವುಗಳು ಜಾರಿಯಲ್ಲಿರುತ್ತವೆ. ಹಾಲಿನ ದರ ಪರಿಷ್ಕರಣೆಯಾದಾಗ ಹೊಸ ಪಟ್ಟಿ ಯಾವ ದಿನದ ಯಾವ ಸರದಿಯಿಂದ ಜಾರಿ ಎಂಬುದನ್ನು ಕಾರ್ಯದರ್ಶಿ ಬರೆದು ಕೊಡಬೇಕು. ಟೆಸ್ಟರ್ ಪಟ್ಟಿಯ ಪ್ರತಿ ದರವನ್ನು ಮುದ್ರಿತ ಪ್ರತಿಯೊಂದಿಗೆ ಹೋಲಿಸಿದ ಮೇಲೆಯೇ ಅದು ಆ್ಯಪ್‌ಗೆ ಏರುತ್ತದೆ. ಹಿಂದಿನ ಸರದಿಗಳ ಮೊತ್ತ ಆಗ ಬದಲಾಗಕೂಡದು. ಸ್ವೀ-1ನ್ನು ಹಳೆಯ ಪಟ್ಟಿಯೊಂದಿಗೆ ಮತ್ತೊಮ್ಮೆ ಓಡಿಸಿ, ಫಲಿತಾಂಶದ ಪ್ರತಿಯನ್ನು ಸಂಘದ ಕಡತಕ್ಕೆ ಸೇರಿಸಬೇಕು.